ಮೂರರ ಇಪ್ಪತ್ತೆರಡನೇ ಘಾತದ ತನಕ

ಯಾರಾದರೂ ನನ್ನೆದುರಿಗೆ ಲಾಗ್ ಟೇಬಲ್ ಬಿಡಿಸಿ, ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಹುಡುಕಲು ಶುರು ಮಾಡಿದರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಪುಸ್ತಕ ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆಯೋಣ ಅನ್ನಿಸುತ್ತದೆ. ನಾಗಮಂಗಲದಲ್ಲಿ ಒಮ್ಮೆ ಕಿತ್ತುಕೊಂಡದ್ದೂ ಉಂಟು. ಎಸೆಯಲಿಲ್ಲ, ಹುಡುಗನ ಅಪ್ಪ ಬಾಗಿಲಲ್ಲೇ ನಿಂತಿದ್ದರು.

ಇದು ಹಳೆಯ ಸಿಟ್ಟು. ನಾನು ಪಿಯುಸಿ ಓದುತ್ತಿದ್ದಾಗ ಪ್ರವೇಶ ಪರೀಕ್ಷೆಯ ದಿನ ರಸಾಯನಶಾಸ್ತ್ರದ ಒಂದು ಲೆಕ್ಕಕ್ಕೆ ಲಾಗ್ ಐದು ಬೇಕಾಯಿತು. ವರ್ಷವಿಡೀ ಟೇಬಲ್ ನೋಡಿಯೇ ಅಭ್ಯಾಸ, ಅಲ್ಲಿ ಟೇಬಲ್ ಇಲ್ಲ. ಐದು ಎಂದರೆ ಹತ್ತನ್ನು ಎರಡರಿಂದ ಭಾಗಿಸಿದ್ದು, ಆದ್ದರಿಂದ ಒಂದರಿಂದ ಲಾಗ್ ಎರಡನ್ನು ಕಳೆದರೆ ಸಾಕು ಎಂಬುದು ನನ್ನ ತಲೆಗೆ ಬರಲೇ ಇಲ್ಲ. ಕೂತಲ್ಲೇ ಬೆವೆತು, ಹಿಂದಿನ ಪುಟಕ್ಕೂ ಮುಂದಿನ ಪುಟಕ್ಕೂ ಓಡಾಡಿ, ಕೊನೆಗೆ ಗಂಟೆ ಹೊಡೆದಾಗ ಒಂಬತ್ತು ಪ್ರಶ್ನೆ ಉಳಿದಿದ್ದವು. ಎಂಜಿನಿಯರಿಂಗ್ ಹೋಯಿತು, ಬಿಎಸ್ಸಿ ಬಂತು, ಗಣಿತದ ಮೇಡಂ ಆದೆ. ಅಂದಿನಿಂದ ನಿಧಾನ ಎಂದರೆ ನನಗೆ ಆಗದು.

ನನ್ನ ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಮನೆಯಲ್ಲಿ ಇರುವುದು ಕಡಿಮೆ. ಒಂದು ಕೋಚಿಂಗ್ ಸಂಸ್ಥೆಗೆ ನಾಲ್ಕು ಊರಿನಲ್ಲಿ ತರಗತಿ ತೆಗೆದುಕೊಳ್ಳುತ್ತೇನೆ: ಭಾನುವಾರ ಶ್ರೀರಂಗಪಟ್ಟಣ, ಮಂಗಳವಾರ ಪಾಂಡವಪುರ, ಗುರುವಾರ ಕೆ.ಆರ್.ಪೇಟೆ, ಶನಿವಾರ ನಾಗಮಂಗಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಅಮ್ಮ ಬೈಯುತ್ತಾಳೆ. ಬಸ್ಸಿನಲ್ಲೂ ನಾನು ಸುಮ್ಮನೆ ಕೂರುವುದಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಕೊಡುವ ಸೊನ್ನೆ ರೂಪಾಯಿ ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಮಾಡುತ್ತಾ ಹೋಗುತ್ತೇನೆ. ಪಾಂಡವಪುರದ ಹತ್ತಿರ ಕಬ್ಬಿನ ಟ್ರಾಕ್ಟರು ಅಡ್ಡ ಬಂದು ಬಸ್ಸು ತೆವಳಿದರೆ ಮಾತ್ರ ಲೆಕ್ಕವೂ ಓಡುವುದಿಲ್ಲ, ಡ್ರೈವರನ ಬೆನ್ನು ನೋಡುತ್ತಾ ಹಲ್ಲು ಕಚ್ಚುತ್ತೇನೆ.

ಪ್ರತಿ ವರ್ಷ ಜನವರಿಯಲ್ಲಿ ನಾಲ್ಕೂ ಊರಿನಲ್ಲಿ ನನ್ನ ಲಾಗ್ ಕ್ಲಾಸು ನಡೆಯುತ್ತದೆ. ಮಕ್ಕಳ ಕೈಗೆ ಒಂದೊಂದು ಗುಲಾಬಿ ಬಣ್ಣದ ಕಾರ್ಡು ಕೊಡುತ್ತೇನೆ. ಅದರ ಮೇಲೆ ಅಚ್ಚಾಗಿರುವುದು ಇಷ್ಟೇ: ಎರಡಕ್ಕೆ 0.30, ಮೂರಕ್ಕೆ 0.48. ಉಳಿದದ್ದನ್ನು ಅವರೇ ಹುಟ್ಟಿಸಿಕೊಳ್ಳಬೇಕು, ಸಂಖ್ಯೆ ಗುಣಿಸುವಲ್ಲಿ ಲಾಗ್ ಕೂಡಿಸಿ, ಭಾಗಿಸುವಲ್ಲಿ ಕಳೆದು. ನಾಲ್ಕು ಎರಡೆರಡ್ಲಿ, ಆದ್ದರಿಂದ 0.60. ಐದು, ಒಂದರಲ್ಲಿ ಮೂವತ್ತು ಕಳೆದು 0.70. ಆರು, ಎರಡನ್ನೂ ಕೂಡಿ 0.78. ಎಂಟು, ಮೂರು ಸಲ ಮೂವತ್ತು, 0.90. ಏಳು ಮಾತ್ರ ಒಂಟಿ. ಆದರೆ ಏಳೇಳ್ಲಿ ನಲವತ್ತೊಂಬತ್ತು, ಅದನ್ನು ಐವತ್ತು ಎಂದುಕೊಂಡರೆ 1.70, ಅದರಲ್ಲಿ ಅರ್ಧ 0.85. ಒಂಬತ್ತಕ್ಕೆ ಬಂದಾಗ ನಲವತ್ತೆಂಟು ಎರಡ್ಲಿ 0.96 ಆಗುತ್ತದೆ, ನಿಜವಾದದ್ದು 0.954. ಆದ್ದರಿಂದ ಒಂಬತ್ತಕ್ಕೆ 0.95 ಎಂದು ಬಾಯಿಪಾಠ ಮಾಡಿಬಿಡಿ ಎನ್ನುತ್ತಿದ್ದೆ. ಒಂಬತ್ತಕ್ಕೆ ಮಾತ್ರ ಯಾಕೆ ಬೇರೆ ನಿಯಮ ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ನಿಂತು ಯೋಚಿಸಿರಲಿಲ್ಲ.

ಬೋರ್ಡ್ ಪರೀಕ್ಷೆಯಲ್ಲಿ ಹೆಜ್ಜೆ ಹೆಜ್ಜೆಗೂ ಅಂಕ, ಅಲ್ಲಿ 0.3010, 0.4771 ಎಂದು ನಾಲ್ಕು ಸ್ಥಾನ ಬರೆದೇ ಲೆಕ್ಕ ಮಾಡಬೇಕು. ಕಾರ್ಡು ಬರೇ ಉತ್ತರ ದಾರಿ ತಪ್ಪಿದೆಯೇ ಎಂದು ನೋಡಲು. ಪ್ರವೇಶ ಪರೀಕ್ಷೆಯಲ್ಲಿ ಹಾಗಲ್ಲ. ಒಂದು ಪ್ರಶ್ನೆಗೆ ಎಂಬತ್ತು ಸೆಕೆಂಡು, ನಾಲ್ಕು ಉತ್ತರ ಕಣ್ಣೆದುರಿಗೇ ಇರುತ್ತವೆ. ಹೈಡ್ರೋಜನ್ ಅಯಾನಿನ ಸಾರತೆ ಹತ್ತರ ಮೈನಸ್ ಐದನೇ ಘಾತದ ಎರಡರಷ್ಟು ಇದ್ದರೆ ಪಿಎಚ್ ಎಷ್ಟು? ಐದರಲ್ಲಿ ಮೂವತ್ತು ಕಳೆ, 4.70. ಅರ್ಧ ಮುಗಿಯಲು ಹತ್ತು ನಿಮಿಷ ಬೇಕಾಗುವ ಮೊದಲ ದರ್ಜೆಯ ಕ್ರಿಯೆ ಶೇಕಡ ಎಂಬತ್ತು ಮುಗಿಯಲು ಎಷ್ಟು ಹೊತ್ತು? ಉಳಿಯುವುದು ಐದರಲ್ಲೊಂದು ಪಾಲು, ಲಾಗ್ ಐದನ್ನು ಲಾಗ್ ಎರಡರಿಂದ ಭಾಗಿಸು, ಎಪ್ಪತ್ತನ್ನು ಮೂವತ್ತರಿಂದ, ಎರಡು ಪಾಯಿಂಟ್ ಮೂರು, ಹತ್ತರಿಂದ ಗುಣಿಸಿದರೆ ಇಪ್ಪತ್ಮೂರು ನಿಮಿಷ. ಪೆನ್ನು ಕೆಳಗಿಡು, ಮುಂದಕ್ಕೆ ನಡಿ. ನಾನು ಬೋರ್ಡಿಗೆ ಚಾಕ್ ಬಡಿದು ‘ಎರಡು’ ಎಂದರೆ ಇಡೀ ಕೋಣೆ ‘ಮೂವತ್ತು’ ಎನ್ನಬೇಕು, ‘ಮೂರು’ ಎಂದರೆ ‘ನಲವತ್ತೆಂಟು’. ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬೆನ್ನ ಹಿಂದೆ ಹುಡುಗರು ‘ಮೂವತ್ತು ನಲವತ್ತೆಂಟು ಬತ್ತಾವ್ರೆ ಕಣ್ಲಾ’ ಎಂದು ಪಿಸುಗುಟ್ಟುವುದು ಕೇಳಿಸಿದೆ. ನನಗೆ ಖುಷಿಯೇ ಆಗಿತ್ತು.

ಹೋದ ವರ್ಷ ಇಬ್ಬರು ಹುಡುಗಿಯರು ನನ್ನ ಕಣ್ಣಿಗೆ ಬಿದ್ದಿದ್ದರು. ಒಬ್ಬಳು ಕೆ.ಆರ್.ಪೇಟೆ ತರಗತಿಯವಳು, ಊರು ಬೂಕನಕೆರೆ. ಬೆಳಿಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಕಾಲೇಜಿಗೆ ಬರುವವಳು. ನನ್ನಷ್ಟೇ ಅವಸರದವಳು. ನಾನು ಪ್ರಶ್ನೆ ಓದಿ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದಳು. ಅವಳನ್ನು ನೋಡಿದರೆ ನನ್ನ ಹದಿನೆಂಟನೇ ವರ್ಷಕ್ಕೆ ಯಾರೋ ಸರಿಯಾಗಿ ಪಾಠ ಹೇಳಿಕೊಟ್ಟಂತೆ ಅನ್ನಿಸುತ್ತಿತ್ತು. ಮನಸ್ಸಿನೊಳಗೆ ಅವಳ ಮೇಲೆ ನನಗೆ ಪಕ್ಷಪಾತವಿತ್ತು, ಸುಳ್ಳು ಯಾಕೆ ಹೇಳಲಿ.

ಇನ್ನೊಬ್ಬಳು ಶ್ರೀರಂಗಪಟ್ಟಣ ತರಗತಿಯವಳು, ಗಂಜಾಂನ ಮರಗೆಲಸದವರೊಬ್ಬರ ಮಗಳು. ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತು ಪ್ರತಿ ಲೆಕ್ಕಕ್ಕೂ 0.4771 ಎಂದೇ ಬರೆಯುವವಳು. ನಾನು ಎಷ್ಟು ಸಲ ಗದರಿದ್ದೇನೋ. ‘ಏನಮ್ಮ, ನಾಲ್ಕು ಸ್ಥಾನ ಬರೆಯೋಕೆ ಪರೀಕ್ಷೆ ನಿನಗಾಗಿ ಕಾಯುತ್ತಾ?’ ಎಂದರೆ, ‘ಇಲ್ಲ ಮಿಸ್’ ಎನ್ನುತ್ತಿದ್ದಳು, ಮತ್ತೆ ನಾಲ್ಕು ಸ್ಥಾನವನ್ನೇ ಬರೆಯುತ್ತಿದ್ದಳು. ಎದುರು ಮಾತಾಡದೆ ಹಟ ಮಾಡುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು.

ಪ್ರವೇಶ ಪರೀಕ್ಷೆಗೆ ಮೊದಲು ನಲವತ್ತು ದಿನ ಒಂದು ವಿಶೇಷ ಬ್ಯಾಚು ಮಾಡಬೇಕೆಂದು ಸಂಸ್ಥೆಯ ಯಜಮಾನರು ತೀರ್ಮಾನಿಸಿದರು. ಅವರು ಪಾಂಡವಪುರದವರು, ನಿವೃತ್ತ ಉಪನ್ಯಾಸಕರು. ಮೈಸೂರಿನಿಂದ ಮೂವರು ಮೇಷ್ಟ್ರು ಬಂದು ಹನ್ನೆರಡು ಮಕ್ಕಳನ್ನು ದಿನವೂ ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದುವುದು, ಉಚಿತವಾಗಿ. ಹನ್ನೆರಡಕ್ಕಿಂತ ಹೆಚ್ಚು ಆದರೆ ಬರುವುದಿಲ್ಲ ಎಂದು ಆ ಮೇಷ್ಟ್ರುಗಳು ಮೊದಲೇ ಹೇಳಿದ್ದರು. ನಾಲ್ಕೂ ಊರಿಗೆ ಒಂದೇ ಭಾನುವಾರ ಅರವತ್ತು ಪ್ರಶ್ನೆಯ ಆಯ್ಕೆ ಪರೀಕ್ಷೆ. ಪ್ರಶ್ನೆಪತ್ರಿಕೆ ನನ್ನದು, ಕೀ ಉತ್ತರಗಳೂ ನನ್ನವೇ.

ಅದರಲ್ಲಿ ಒಂದು ಪ್ರಶ್ನೆ: ಮೂರರ ಐವತ್ತನೇ ಘಾತದಲ್ಲಿ, ಎಂದರೆ ಮೂರನ್ನು ಐವತ್ತು ಸಲ ಬರೆದು ಗುಣಿಸಿದರೆ ಬರುವ ಸಂಖ್ಯೆಯಲ್ಲಿ, ಎಷ್ಟು ಅಂಕಿಗಳಿರುತ್ತವೆ? ಇಪ್ಪತ್ಮೂರು, ಇಪ್ಪತ್ನಾಲ್ಕು, ಇಪ್ಪತ್ತೈದು, ಇಪ್ಪತ್ತಾರು. ಲಾಗ್ ಗೊತ್ತಿದ್ದವರಿಗೆ ಇದು ಸುಲಭ. ಸಂಖ್ಯೆಯ ಲಾಗ್ ತೆಗೆದು, ಅದರ ಪೂರ್ಣ ಭಾಗಕ್ಕೆ ಒಂದು ಕೂಡಿಸಿದರೆ ಅಂಕಿಗಳು ಎಷ್ಟೆಂದು ಸಿಗುತ್ತದೆ. ನೂರರ ಲಾಗ್ ಎರಡು, ನೂರಕ್ಕೆ ಮೂರು ಅಂಕಿ, ಹಾಗೆ. ನಾನು ಕೀ ಬರೆದದ್ದು ಶನಿವಾರ ನಾಗಮಂಗಲದಿಂದ ಬರುವ ಬಸ್ಸಿನಲ್ಲಿ, ಟಿಕೆಟ್ಟಿನ ಹಿಂಬದಿಯಲ್ಲಿ. ಐವತ್ತು ಸಲ ನಲವತ್ತೆಂಟು, ಸರಿಯಾಗಿ ಇಪ್ಪತ್ನಾಲ್ಕು. ಒಂದು ಕೂಡಿಸು, ಇಪ್ಪತ್ತೈದು. ಐದು ಸೆಕೆಂಡು ಹಿಡಿದಿರಬಹುದು.

ಮುಂದಿನ ಭಾನುವಾರ ಪಟ್ಟಿ ಗೋಡೆಗೆ ಅಂಟಿತು, ವಾಟ್ಸಾಪ್ ಗುಂಪುಗಳಿಗೂ ಹೋಯಿತು. ಹನ್ನೊಂದನೆಯವನಿಗೆ ನಲವತ್ತೊಂಬತ್ತು. ಹನ್ನೆರಡನೆಯವಳು ಬೂಕನಕೆರೆಯ ಹುಡುಗಿ, ನಲವತ್ತೇಳು. ಹದಿಮೂರನೆಯವಳು ಗಂಜಾಂ ಹುಡುಗಿ, ನಲವತ್ತಾರು. ನನ್ನವಳು ಒಳಗೆ ಬಂದಳಲ್ಲ ಎಂದು ನಾನು ಹಿಗ್ಗಿದೆ.

ತರಗತಿ ಮುಗಿದು ನಾನು ಬ್ಯಾಗು ಹೆಗಲಿಗೇರಿಸುವಾಗ ಗಂಜಾಂ ಹುಡುಗಿ ಪ್ರಶ್ನೆಪತ್ರಿಕೆ ಹಿಡಿದು ಬಂದಳು.

‘ಮಿಸ್, ಇದು ಇಪ್ಪತ್ನಾಲ್ಕು ಅಲ್ವಾ?’

‘ಇಪ್ಪತ್ತೈದು ಅಂತ ಕೀನಲ್ಲಿ ಇದೆಯಲ್ಲ.’

‘ನಾನು ನಾಲ್ಕು ಸ್ಥಾನ ಹಾಕಿ ಮಾಡಿದ್ದು ಮಿಸ್. ಇಪ್ಪತ್ಮೂರು ಪಾಯಿಂಟ್ ಎಂಟು ಅಂತ ಬರ್ತದೆ. ಅಬ್ಬಾ ಹೇಳ್ತಾರೆ, ಒಂದೇ ಅಳತೇನ ತುಂಬಾ ಸಲ ಇಡೋದಿದ್ರೆ ಅಳತೆ ಕೋಲು ಸರಿ ಇರ್ಬೇಕು ಅಂತ.’

ಅಬ್ಬಾ ಎಂದರೆ ಅವಳ ಅಪ್ಪ. ಗಣಿತಕ್ಕೂ ಬಡಗಿ ಕೆಲಸಕ್ಕೂ ಎಲ್ಲಿಂದೆಲ್ಲಿಗೆ ಎಂದು ನನಗೆ ರೇಗಿತು. ಒಂದು ಅಂಕಕ್ಕೆ ಸೀಟು ತಪ್ಪಿದವರೆಲ್ಲ ಹೀಗೇ ಬರುತ್ತಾರೆ ಎಂದುಕೊಂಡೆ. ‘ನೋಡೋಣ ಹೋಗಮ್ಮ’ ಎಂದು ಸಾಗಹಾಕಿದೆ. ಅವಳು ಹೋದಳು. ಪತ್ರಿಕೆಯನ್ನು ಮಾತ್ರ ನನ್ನ ಮೇಜಿನ ಮೇಲೆ ಬಿಟ್ಟುಹೋದಳು.

ಮಂಗಳವಾರ ಪಾಂಡವಪುರದ ಬಸ್ಸಿನಲ್ಲಿ ಕಬ್ಬಿನ ಟ್ರಾಕ್ಟರು ಸಿಕ್ಕಿತು. ಮಾಡಲು ಕೆಲಸವಿಲ್ಲದೆ ಬ್ಯಾಗು ಕೆದಕಿದೆ, ಭಾನುವಾರ ಮೇಜಿನಿಂದ ಎತ್ತಿ ತುರುಕಿಕೊಂಡಿದ್ದ ಆ ಪತ್ರಿಕೆ ಸಿಕ್ಕಿತು. ಟಿಕೆಟ್ಟು ತಿರುಗಿಸಿ ಬರೆದೆ: 0.4771, ಐವತ್ತು ಸಲ. 23.855. ಇನ್ನೊಮ್ಮೆ ಗುಣಿಸಿದೆ. ಅದೇ ಬಂತು. ನಲವತ್ತೆಂಟು ಎಂದು ಮೇಲಕ್ಕೆ ಎತ್ತಿದ್ದು 0.0029 ಮಾತ್ರ, ಯಾರ ಕಣ್ಣಿಗೂ ಬೀಳದಷ್ಟು. ಪಿಎಚ್ ಲೆಕ್ಕದಲ್ಲಿ ಅದನ್ನು ಒಂದೇ ಸಲ ಕಳೆಯುವುದು, ಆದ್ದರಿಂದ ಏನೂ ಆಗುವುದಿಲ್ಲ. ಇಲ್ಲಿ ಅದು ಐವತ್ತು ಸಲ ಸೇರಿ 0.145 ಆಗಿ, ಇಪ್ಪತ್ಮೂರರ ಹೊಸ್ತಿಲು ದಾಟಿಸಿ ಇಪ್ಪತ್ನಾಲ್ಕಕ್ಕೆ ತಳ್ಳಿತ್ತು. ನಾಚಿಕೆಯ ಸಂಗತಿ ಇನ್ನೂ ಒಂದಿತ್ತು. ಲಾಗ್ ಸರಿಯಾಗಿ ಇಪ್ಪತ್ನಾಲ್ಕು ಎಂದರೆ ಮೂರರ ಐವತ್ತನೇ ಘಾತ ಒಂದರ ಮುಂದೆ ಇಪ್ಪತ್ನಾಲ್ಕು ಸೊನ್ನೆ ಇಟ್ಟಂತೆ ಇರಬೇಕು. ಮೂರನ್ನು ಎಷ್ಟು ಸಲ ಗುಣಿಸಿದರೂ ಕೊನೆಯಲ್ಲಿ ಸೊನ್ನೆ ಬರುವುದಿಲ್ಲ, ಇದು ಐದನೇ ತರಗತಿಯ ಮಗುವಿಗೂ ಗೊತ್ತು. ಅಷ್ಟು ಸರಿಯಾದ ಉತ್ತರ ಬಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಅವಸರದಲ್ಲಿ ಬರಲಿಲ್ಲ.

ಪಟ್ಟಿ ನೆನಪಾಯಿತು. ಕೀ ತಿದ್ದಿದರೆ ಇಪ್ಪತ್ತೈದು ಎಂದವರಿಗೆಲ್ಲ ಒಂದು ಅಂಕ ಕಡಿತ, ಇಪ್ಪತ್ನಾಲ್ಕು ಎಂದವಳಿಗೆ ಒಂದು ಸೇರ್ಪಡೆ. ಮೇಲಿನ ಹನ್ನೊಂದು ಮಂದಿಗೆ ಏನೂ ಆಗುವುದಿಲ್ಲ. ಹನ್ನೆರಡು, ಹದಿಮೂರು ಅದಲು ಬದಲಾಗುತ್ತವೆ. ನನ್ನ ಮಾತನ್ನು ಕೇಳದವಳು ಒಳಗೆ, ಕೇಳಿದವಳು ಹೊರಗೆ.

ಯಜಮಾನರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

‘ಅಯ್ಯೋ ಬುಡಿ ಮೇಡಂ. ಪಟ್ಟಿ ಓಗಾಯ್ತು. ಒಂದು ಪ್ರಶ್ನೆಗೆ ಯಾಕೆ ತಲೆ ಕೆಡುಸ್ಕತೀರಿ?’

‘ಹದಿಮೂರು ಮಾಡೋಕಾಗಲ್ವಾ ಸಾರ್?’

‘ಆಗಾಕಿಲ್ಲ. ಆ ಮೈಸೂರಿನೋರು ಒಪ್ಪಾಕಿಲ್ಲ. ಒಪ್ಪುದ್ರು ಅನ್ಕಳಿ, ಹದಿನಾಕನೆಯೋನ ಅಪ್ಪ ಸುಮ್ಕಿರ್ತಾನಾ?’

‘ಎರಡು ಉತ್ತರಕ್ಕೂ ಅಂಕ ಕೊಟ್ಟರೆ?’

‘ಕೊಡಿ. ಇಬ್ರಿಗೂ ನಲವತ್ತೇಳಾಯ್ತದೆ. ಆಮೇಲೆ ಚೀಟಿ ಎತ್ತೀರಾ?’ ಎಂದು ಕನ್ನಡಕ ಹಾಕಿಕೊಂಡರು. ‘ಕೀ ಬರೆದೋರು ನೀವು. ಭಾನ್ವಾರ ಬ್ಯಾಚು ಶುರು. ಗುರ್ವಾರದೊಳಗೆ ನೀವೇ ಏಳಿ, ಅಂಗೇ ಮಾಡವ.’

ಬುಧವಾರ ನಾನು ಮನೆಯಲ್ಲಿ ಕೂರಲಾರದೆ ಒಳಗೂ ಹೊರಗೂ ತಿರುಗಿದೆ. ಸುಮ್ಮನಿದ್ದುಬಿಡೋಣ ಅನ್ನಿಸಿದ್ದು ನಿಜ. ಗಂಜಾಂ ಹುಡುಗಿ ಮೃದು, ಗಲಾಟೆ ಮಾಡುವುದಿಲ್ಲ. ಬೂಕನಕೆರೆಯವಳು ಎಲ್ಲರಿಗಿಂತ ಚುರುಕು, ನಿಜವಾಗಿ ಅವಳೇ ಅರ್ಹಳು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಿರುವುದು ಸುಳ್ಳು ಎಂದು ಗೊತ್ತಿದ್ದೂ ಹೇಳಿಕೊಂಡೆ. ಕಾಫಿ ಎರಡು ಸಲ ಉಕ್ಕಿಸಿದೆ. ‘ಎಲ್ಲಾದರೂ ಹೋಗಿ ಬಾರೇ, ನೆಲ ಸವೆಯುತ್ತೆ’ ಎಂದಳು ಅಮ್ಮ. ಚಪ್ಪಲಿ ಮೆಟ್ಟಿ ನಡೆಯುತ್ತಾ ಹೋದವಳು ಗಂಜಾಂನಲ್ಲಿ ನಿಂತೆ.

ಅವಳ ಅಪ್ಪ ಮನೆ ಮುಂದಿನ ಶೀಟಿನ ನೆರಳಿನಲ್ಲಿ ಏಣಿ ಮಾಡುತ್ತಿದ್ದರು. ಮಗಳು ಮನೆಯಲ್ಲಿರಲಿಲ್ಲ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಪಟ್ಟಿಯ ಮಾತೇ ಎತ್ತದೆ ಚಹಾ ತರಿಸಿದರು. ಎರಡು ಉದ್ದನೆಯ ಮರಗಳನ್ನು ಪಕ್ಕಪಕ್ಕದಲ್ಲಿ ಮಲಗಿಸಿ, ಟೇಪನ್ನು ಬುಡದಿಂದ ತುದಿಯವರೆಗೆ ಒಂದೇ ಸಲ ಎಳೆದು ಮೆಟ್ಟಿಲುಗಳಿಗೆ ಗುರುತು ಹಾಕುತ್ತಿದ್ದರು. ಸುಮ್ಮನೆ ಕೂರಲಾರದೆ ನಾನು ಕೇಳಿದೆ, ‘ಒಂದು ತುಂಡು ಕಡ್ಡಿ ಇಟ್ಟುಕೊಂಡು ಒಂದಾದ ಮೇಲೊಂದು ಗುರುತು ಹಾಕಿದ್ರೆ ಬೇಗ ಆಗಲ್ವಾ?’

‘ಬೇಗ ಆಗ್ತದೆ ಮೇಡಂ. ಕಡ್ಡಿ ಅರ್ಧ ನೂಲು ಜಾಸ್ತಿ ಇದ್ರೆ?’ ಎಂದು ಅವರು ಬೆರಳಿನ ತುದಿಯಲ್ಲಿ ತೋರಿಸಿದರು. ನೂಲು ಎಂದರೆ ಅವರಲ್ಲಿ ಅಂಗುಲದ ಎಂಟನೇ ಒಂದು ಭಾಗ. ‘ನಾಲ್ಕು ಮೆಟ್ಲು ಸ್ಟೂಲಿಗೆ ಗೊತ್ತೇ ಆಗಲ್ಲ. ಇದು ಹದಿನಾರು ಮೆಟ್ಲು. ಮೇಲೆ ಹೋಗೋದ್ರಲ್ಲಿ ಒಂದಿಂಚು ತಪ್ತದೆ. ಸಣ್ಣದಕ್ಕೆ ಕಡ್ಡಿ ಸರಿ, ಉದ್ದದ್ದಕ್ಕೆ ಟೇಪೇ ಬೇಕು. ಮಗಳಿಗೂ ಅದೇ ಹೇಳೋದು ನಾನು.’

ಅರ್ಧ ನೂಲು ಹದಿನಾರು ಸಲ, ಸರಿಯಾಗಿ ಒಂದು ಅಂಗುಲ. ನಾನು ವರ್ಷಾನುಗಟ್ಟಲೆ ನಾಲ್ಕು ಊರಿನ ಮಕ್ಕಳಿಗೆ ಕಡ್ಡಿ ಕೊಟ್ಟಿದ್ದೆ, ಯಾವ ಏಣಿಗೆ ಎಂದು ಹೇಳಿರಲಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಅಲ್ಲಿಂದಲೇ ಯಜಮಾನರಿಗೆ ಫೋನ್ ಮಾಡಿ, ಸರಿಯಾದ ಉತ್ತರ ಇಪ್ಪತ್ನಾಲ್ಕು, ತಪ್ಪು ನನ್ನದು, ಪಟ್ಟಿ ತಿದ್ದಿ ಎಂದೆ. ಬೂಕನಕೆರೆ ಹುಡುಗಿಗೆ ವಾಟ್ಸಾಪಿನಲ್ಲಿ ತಿಳಿಯುವುದು ಬೇಡ, ನಾನೇ ಹೇಳುತ್ತೇನೆ, ನಾಳೆ ಸಂಜೆ ತನಕ ತಡೆಯಿರಿ ಎಂದೂ ಕೇಳಿಕೊಂಡೆ.

ಗುರುವಾರ ಕೆ.ಆರ್.ಪೇಟೆ ತರಗತಿಗೆ ಮೊದಲೇ ಬೂಕನಕೆರೆಯ ಬಸ್ಸು ಹತ್ತಿದೆ. ಹುಡುಗಿ ಕೊಟ್ಟಿಗೆಯ ಮುಂದೆ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಅವಳ ಅವ್ವ ಒಳಗಿನಿಂದ ಬಂದು, ‘ಬನ್ನಿ ಮೇಡಮ್ಮೋರೆ, ನಲವತ್ತು ದಿನ ಹಸ ನೋಡ್ಕಳಾಕೆ ನಮ್ ವಾರಗಿತ್ತಿ ಒಪ್ಕಂಡವ್ಳೆ. ಇವ್ಳು ಓದ್ಕಂಡ್ರೆ ಸಾಕು’ ಎಂದರು. ನನಗೆ ನಿಂತ ನೆಲ ಸುಡುತ್ತಿತ್ತು. ಕೂರದೆ, ನಿಂತೇ ಎಲ್ಲವನ್ನೂ ಹೇಳಿಬಿಟ್ಟೆ. ನಲವತ್ತೆಂಟು, ಐವತ್ತು, ಇಪ್ಪತ್ನಾಲ್ಕು, ಪಟ್ಟಿ.

ಹುಡುಗಿ ಕ್ಯಾನು ಕೆಳಗಿಟ್ಟಳು.

‘ಅಂಗಾದ್ರೆ ನಾನು ನಿಮ್ಮ ಮಾತು ಕೇಳಿದ್ದಕ್ಕೇ ಸೀಟು ಓಯ್ತಾ ಮಿಸ್?’

ಬೇರೆ ಏನಾದರೂ ಹೇಳಬಹುದಿತ್ತು. ಪರೀಕ್ಷೆ ಎಂದರೆ ಹೀಗೆ, ಅದೃಷ್ಟ, ಮುಂದಿನ ಸಲ.

‘ಹೌದು ಕಣಮ್ಮ’ ಎಂದೆ.

ಅವಳು ಅಳಲಿಲ್ಲ. ಕ್ಯಾನು ಎತ್ತಿಕೊಂಡು ಒಳಗೆ ಹೋದಳು, ಹೊರಗೆ ಬರಲಿಲ್ಲ. ಅವ್ವ ಬಾಗಿಲ ಕಡೆ ನೋಡಿ, ‘ಓಗ್ಲಿ ಬುಡಿ. ಕಾಫಿ ಕುಡ್ಕಂಡು ಓಗಿ’ ಎಂದರು. ಆ ಕಾಫಿಯನ್ನು ನಾನು ಪೂರ್ತಿ ಕುಡಿದೆ. ಅದನ್ನೂ ಅರ್ಧಕ್ಕೆ ಬಿಟ್ಟು ಓಡುವ ಮುಖ ನನಗಿರಲಿಲ್ಲ.

ಅಂದು ಸಂಜೆ ಕೆ.ಆರ್.ಪೇಟೆಯಲ್ಲಿ ಬೋರ್ಡಿನ ಮೇಲೆ ನನ್ನ ಕೀ ಬರೆದು ನಾನೇ ಅಡ್ಡಗೆರೆ ಎಳೆದೆ. ಶನಿವಾರ ನಾಗಮಂಗಲದಲ್ಲಿ, ಭಾನುವಾರ ಶ್ರೀರಂಗಪಟ್ಟಣದಲ್ಲಿ, ಮಂಗಳವಾರ ಪಾಂಡವಪುರದಲ್ಲಿ ಮತ್ತೆ ಅದೇ. ಪ್ರತಿ ಊರಿನಲ್ಲೂ ಒಬ್ಬನಾದರೂ ‘ಅಂಗಾದ್ರೆ ಕಾರ್ಡು ಬಿಸಾಕ್‌ಬುಡವಾ ಮಿಸ್?’ ಎಂದು ಕೇಳುತ್ತಿದ್ದ, ಉಳಿದವರು ನಗುತ್ತಿದ್ದರು. ಬಿಸಾಡಬೇಡಿ, ಕೂಡಿ ಕಳೆಯುವಾಗ ಇಟ್ಟುಕೊಳ್ಳಿ, ದೊಡ್ಡ ಸಂಖ್ಯೆಯಿಂದ ಗುಣಿಸುವಾಗ ಎಚ್ಚರ ಎನ್ನುತ್ತಿದ್ದೆ. ‘ದೊಡ್ಡದು ಅಂದ್ರೆ ಎಷ್ಟು ಮಿಸ್?’ ಎಂದು ಗಂಜಾಂ ಹುಡುಗಿ ಕೇಳಿದಳು. ‘ದೊಡ್ಡದು ಅಂದ್ರೆ ದೊಡ್ಡದು’ ಎಂದುಬಿಟ್ಟೆ. ನನಗೂ ಗೊತ್ತಿರಲಿಲ್ಲ.

ಬೂಕನಕೆರೆಯವಳು ಎರಡು ಗುರುವಾರ ಬರಲಿಲ್ಲ. ನಾನು ಪ್ರತಿ ಸಲ ಬಾಗಿಲು ನೋಡುತ್ತಾ ಪಾಠ ಮಾಡಿದೆ, ಪಾಠ ಹದಗೆಟ್ಟಿತು. ಮೂರನೆಯ ಗುರುವಾರ ತರಗತಿ ಮುಗಿದ ಮೇಲೆ ಬಂದು ನನ್ನ ಮುಂದೆ ಒಂದು ಕಟ್ಟು ಚೀಟಿ ಇಟ್ಟಳು. ಹಾಲು ಹಾಕಿದ್ದಕ್ಕೆ ಡೈರಿಯಲ್ಲಿ ಕೊಡುವ ಚೀಟಿಗಳು. ಹಿಂಬದಿಯಲ್ಲಿ ಒತ್ತೊತ್ತಾಗಿ ಗುಣಾಕಾರ. ಮೂರು, ಒಂಬತ್ತು, ಇಪ್ಪತ್ತೇಳು, ಎಂಬತ್ತೊಂದು ಎಂದು ಶುರು ಮಾಡಿ ಒಂದೊಂದೇ ಘಾತವನ್ನು ಕೈಯಲ್ಲೇ ಗುಣಿಸಿಕೊಂಡು ಹೋಗಿದ್ದಳು. ಪ್ರತಿಯೊಂದರ ಪಕ್ಕದಲ್ಲಿ ಎರಡು ಲೆಕ್ಕ, ನಲವತ್ತೆಂಟರಿಂದ ಬರುವ ಅಂಕಿಗಳೆಷ್ಟು, ನಿಜವಾಗಿ ಇರುವ ಅಂಕಿಗಳೆಷ್ಟು.

‘ಇಪ್ಪತ್ತೆರಡರ ಗಂಟ ಸರಿಯಾಗೇ ಬತ್ತದೆ ಮಿಸ್’ ಎಂದಳು. ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ‘ಇಪ್ಪತ್ಮೂರಕ್ಕೆ ಕೈ ಕೊಡ್ತದೆ. ನಲವತ್ತೆಂಟು ಇಡುದ್ರೆ ಅನ್ನೊಂದು ಪಾಯಿಂಟ್ ಸೊನ್ನೆ ನಾಕು, ಅಂದ್ರೆ ಅನ್ನೆರಡು ಅಂಕಿ. ನಿಜ್ವಾಗ್ಲೂ ಇರದು ಅನ್ನೊಂದೇಯ.’

ಕೊನೆಯ ಚೀಟಿಯಲ್ಲಿ ಆ ಸಂಖ್ಯೆ ಇತ್ತು, ಬೆರಳಿಟ್ಟು ಎಣಿಸಿದೆ: 94143178827. ಹನ್ನೊಂದು. ಯಾವುದಾದರೂ ಫೋನು ಇದನ್ನು ಕ್ಷಣದಲ್ಲಿ ಹೇಳುತ್ತಿತ್ತು. ಅವಸರಕ್ಕೆ ಹೆಸರಾದ ಹುಡುಗಿ ಎರಡು ವಾರ ಕೂತು ಕೈಯಲ್ಲಿ ಗುಣಿಸಿದ್ದಳು. ನನ್ನ ಮೇಲಿನ ಸಿಟ್ಟಿನಿಂದ ಗುಣಿಸಿದ್ದಳು ಎಂಬುದು ಆ ಒತ್ತಿ ಬರೆದ ಅಕ್ಷರಗಳಲ್ಲೇ ಕಾಣುತ್ತಿತ್ತು.

‘ಎರಡರದ್ದು?’ ಎಂದು ಕೇಳಿದೆ.

‘ಅದು ಬೇಗ ಕೈ ಕೊಡಾಕಿಲ್ಲ. ತಪ್ಪು ಬರೀ ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಒಂದು ಅಲ್ವಾ. ನೂರು ದಾಟಬೇಕು. ಅದ್ನ ಗುಣಿಸ್ನಿಲ್ಲ, ಚೀಟಿ ಮುಗುದೋದ್ವು.’

ಅಂದಿನಿಂದ ಗುರುವಾರದ ತರಗತಿ ಮುಗಿದ ಮೇಲೆ ಒಂದು ಗಂಟೆ ಅವಳಿಗಾಗಿ ಕೂತೆ. ಕೊನೆಯ ಬಸ್ಸಿಗೆ ಮೊದಲಿನ ಬಸ್ಸು ಹೋಗುವುದು ಕಿಟಕಿಯಲ್ಲಿ ಕಾಣುತ್ತಿತ್ತು, ಕಾಲು ತಾನಾಗಿ ಕುಣಿಯುತ್ತಿತ್ತು, ಆದರೂ ಕೂತೆ. ಮೈಸೂರಿನ ಮೇಷ್ಟ್ರುಗಳ ನಲವತ್ತು ದಿನಕ್ಕೆ ನನ್ನ ಕೆಲವು ಗಂಟೆಗಳು ಸಮನಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಕ್ಷಮೆ ಕೇಳುತ್ತಾ ಕೂರಲಿಲ್ಲ. ಲೆಕ್ಕ ಮಾಡಿದೆವು. ಮೊದಲು ಕಾರ್ಡಿನಿಂದ ಅಂದಾಜು, ಉತ್ತರ ಪೂರ್ಣ ಸಂಖ್ಯೆಯ ಹತ್ತಿರಕ್ಕೆ ಬಂದರೆ ಅಥವಾ ಎರಡು ಆಯ್ಕೆಗಳು ಪಕ್ಕಪಕ್ಕ ಇದ್ದರೆ ಮಾತ್ರ ನಾಲ್ಕು ಸ್ಥಾನ. ಏಳಕ್ಕೂ ಅವಳೇ ಹೊಸ ದಾರಿ ಹಿಡಿದಳು. ಏಳನ್ನು ನಾಲ್ಕು ಸಲ ಗುಣಿಸಿದರೆ 2401, ಅದನ್ನು 2400 ಎಂದುಕೊಂಡರೆ ಮೂರು, ಎಂಟು, ನೂರು, ಕೂಡಿಸಿ 3.3801, ನಾಲ್ಕರಿಂದ ಭಾಗಿಸಿ 0.8450. ನನ್ನ 0.85ಕ್ಕಿಂತ ಎಷ್ಟೋ ವಾಸಿ. ‘ಎಂಟೇ ಸೆಕೆಂಡು ಜಾಸ್ತಿ ಮಿಸ್’ ಎಂದಳು. ಗಡಿಯಾರ ನೋಡಿಕೊಂಡೇ ಮಾಡಿದ್ದಳು.

ಪರೀಕ್ಷೆ ಆಯಿತು, ಫಲಿತಾಂಶವೂ ಬಂತು. ಗಂಜಾಂ ಹುಡುಗಿಗೆ ಒಳ್ಳೆಯ ರ‍್ಯಾಂಕು, ಮೈಸೂರಿನ ಕಾಲೇಜಿನಲ್ಲಿ ಸಿವಿಲ್ ಸಿಕ್ಕಿತು. ಅವಳ ಅಪ್ಪ ನನಗೊಂದು ಮಣೆ ಮಾಡಿಕೊಟ್ಟಿದ್ದಾರೆ. ಬೂಕನಕೆರೆಯವಳ ರ‍್ಯಾಂಕು ಅವಳಿಗಿಂತ ಬಹಳ ಹಿಂದೆ. ಕೇಳಿದ ಕಾಲೇಜು ಸಿಗಲಿಲ್ಲ, ಕೇಳಿದ ವಿಷಯವೂ ಸಿಗಲಿಲ್ಲ, ಮಂಡ್ಯದ ಕಡೆ ಸಿಕ್ಕಿದ್ದಕ್ಕೆ ಸೇರಿಕೊಂಡಳು. ಆ ನಲವತ್ತು ದಿನ ಸಿಕ್ಕಿದ್ದರೆ ಎಲ್ಲಿರುತ್ತಿದ್ದಳೋ ನನಗೆ ಗೊತ್ತಿಲ್ಲ. ಈ ಒಂದು ಲೆಕ್ಕಕ್ಕೆ ನನ್ನ ಹತ್ತಿರ ಅಂದಾಜೂ ಇಲ್ಲ, ಟೇಬಲ್ಲೂ ಇಲ್ಲ.

ಕಾಲೇಜಿಗೆ ಹೊರಡುವ ಮೊದಲು ಅವಳು ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ನನ್ನ ಬಸ್ಸು ಹೊರಡುತ್ತಿತ್ತು, ಕಂಡಕ್ಟರ್ ಸೀಟಿ ಊದಿಯಾಗಿತ್ತು. ಅವಳು ಕಿಟಕಿಯ ಹತ್ತಿರ ಬಂದು, ‘ತಕಳಿ ಮಿಸ್, ನಿಮ್ದು’ ಎಂದು ಗುಲಾಬಿ ಕಾರ್ಡನ್ನು ಒಳಗೆ ಕೊಟ್ಟಳು. ಅಂಚು ಸವೆದು ಮೆತ್ತಗಾಗಿತ್ತು. ಬಸ್ಸು ಮುಂದಕ್ಕೆ ಹೋಯಿತು.

ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ, ಗುಣಾಕಾರ ಬರೆಯುವಾಗ ಒತ್ತುತ್ತಿದ್ದಂತೆಯೇ ಒತ್ತಿ ಬರೆದಿದ್ದಳು: ಮೂರರ ಇಪ್ಪತ್ತೆರಡನೇ ಘಾತದ ತನಕ ಮಿಸ್ ಹೇಳಿದ್ದು ನಿಜ. ಆಮೇಲೆ ನೀವೇ ನೋಡಿಕೊಳ್ಳಿ.

ಆ ಬಸ್ಸಿನಲ್ಲಿ ನಾನು ಯಾವ ಲೆಕ್ಕವನ್ನೂ ಮಾಡಲಿಲ್ಲ. ಈ ಜನವರಿಯ ಕಾರ್ಡುಗಳ ಹಿಂಬದಿಯಲ್ಲಿ ಆ ಎರಡು ಸಾಲನ್ನು ಹಾಗೇ ಅಚ್ಚು ಹಾಕಿಸಿದ್ದೇನೆ. ಯಾರು ಬರೆದದ್ದು ಮಿಸ್ ಎಂದು ನಾಲ್ಕೂ ಊರಿನಲ್ಲಿ ಕೇಳುತ್ತಾರೆ. ನನ್ನ ಮಾತು ಕೇಳಿ ಸೀಟು ಕಳೆದುಕೊಂಡವಳು ಬರೆದದ್ದು ಎನ್ನುತ್ತೇನೆ. ಆಮೇಲೆ ಚಾಕ್ ತೆಗೆದುಕೊಂಡು ಎರಡರಿಂದ ಶುರು ಮಾಡುತ್ತೇನೆ.